ಮಾತ್ರೆಯ ಸ್ಟ್ರಿಪ್‌ನ ಕ್ಯೂಆರ್ ಕೋಡ್ ಪರಿಶೀಲಿಸುವುದು ಹೇಗೆ?

ಹಾಸನದ ಔಷಧದಂಗಡಿಯೊಂದರಲ್ಲಿ ಕೊಂಡ ಮಾತ್ರೆಯ ಸ್ಟ್ರಿಪ್‌ನ ಮೇಲೆ ಚೌಕಾಕಾರದ ಕೋಡ್ ಇದ್ದರೆ, ಅದನ್ನು ಮೊಬೈಲ್‌ನಲ್ಲಿ ಓದಿಸಿ ಔಷಧದ ವಿವರಗಳನ್ನು ತಾಳೆ ನೋಡಬಹುದು. 2023ರ ಆಗಸ್ಟ್ 1ರಿಂದ ಔಷಧ ನಿಯಮಗಳ ಎಚ್2 ಅನುಸೂಚಿಯಲ್ಲಿರುವ 300 ಬ್ರ್ಯಾಂಡ್‌ಗಳ ಮೇಲೆ ಬಾರ್‌ಕೋಡ್ ಇಲ್ಲವೇ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಎಲ್ಲ ಔಷಧಗಳಿಗೂ ಈ ಕಡ್ಡಾಯವಿಲ್ಲದ ಕಾರಣ, ಕೋಡ್ ಇಲ್ಲವೆಂದ ಮಾತ್ರಕ್ಕೆ ಔಷಧವನ್ನು ನಕಲಿ ಎನ್ನಲಾಗದು.

ಮೊದಲು ಸರಿಯಾದ ಕೋಡನ್ನು ಹುಡುಕಬೇಕು. ಪೆಟ್ಟಿಗೆಯ ಮೇಲೆ 890ರಿಂದ ಆರಂಭವಾಗುವ 13 ಅಂಕಿಗಳ ಗೆರೆಗಳ ಬಾರ್‌ಕೋಡ್ ಬಿಲ್ ಮಾಡುವುದಕ್ಕೆ ಇರುವಂಥದ್ದು. ಸೋಪಿನ ಮೇಲೂ ಅದೇ ಇರುತ್ತದೆ, ಅದರಲ್ಲಿ ಬ್ಯಾಚ್ ಸಂಖ್ಯೆ ಇರುವುದಿಲ್ಲ. ನಮಗೆ ಬೇಕಾದ ಕೋಡ್ ಸ್ಟ್ರಿಪ್‌ನ ಮೇಲಿರುತ್ತದೆ, ಅಲ್ಲಿ ಜಾಗ ಸಾಲದಿದ್ದರೆ ಹೊರಪೆಟ್ಟಿಗೆಯ ಮೇಲಿರುತ್ತದೆ. ಅಂಗಡಿಯವರು ಸ್ಟ್ರಿಪ್ ಕತ್ತರಿಸಿ ಕೊಡುವಾಗ ಕೋಡ್ ಮತ್ತು ಬ್ಯಾಚ್ ಸಂಖ್ಯೆ ಇರುವ ತುದಿ ಅವರ ಬಳಿಯೇ ಉಳಿಯುವುದುಂಟು. ಆದ್ದರಿಂದ ಅಲ್ಲಿಯೇ ಸ್ಕ್ಯಾನ್ ಮಾಡಿ ನೋಡುವುದು ಲೇಸು.

ಸ್ಕ್ಯಾನ್ ಮಾಡಿದಾಗ ಔಷಧದ ಜೆನೆರಿಕ್ ಹೆಸರು, ಬ್ರ್ಯಾಂಡ್, ತಯಾರಕರ ಹೆಸರು ಮತ್ತು ವಿಳಾಸ, ಬ್ಯಾಚ್ ಸಂಖ್ಯೆ, ತಯಾರಿಕೆಯ ಮತ್ತು ಅವಧಿ ಮುಗಿಯುವ ದಿನಾಂಕ, ತಯಾರಿಕಾ ಪರವಾನಗಿ ಸಂಖ್ಯೆ ಇವೆಲ್ಲ ಕಾಣಬೇಕು. ವಿವರಗಳು ಕೋಡ್‌ನಲ್ಲಿಯೇ ಅಡಗಿದ್ದರೆ ಸಕಲೇಶಪುರದ ಕಡೆಯ ತೋಟಗಳಲ್ಲಿ ನೆಟ್‌ವರ್ಕ್ ಇಲ್ಲದಿದ್ದರೂ ಓದಬಹುದು. ಕೋಡ್‌ನಲ್ಲಿರುವುದು ಜಾಲತಾಣದ ವಿಳಾಸವಾದರೆ ನೆಟ್‌ವರ್ಕ್ ಬೇಕು, ಆ ವಿಳಾಸ ತಯಾರಕರದ್ದೇ ಎಂದು ನೋಡಿಕೊಳ್ಳಲೂ ಬೇಕು. ಕೆಲವೊಮ್ಮೆ ತೆರೆಯ ಮೇಲೆ ಹೀಗೆ ಸಂಕೇತರೂಪದಲ್ಲಿ ಬರುತ್ತದೆ:

```
(17)270531(10)HB2419
```

ಇಲ್ಲಿ 17ರ ನಂತರದ್ದು ಅವಧಿ ಮುಗಿಯುವ ದಿನ, ಅಂದರೆ 2027ರ ಮೇ 31. 10ರ ನಂತರದ್ದು ಬ್ಯಾಚ್ ಸಂಖ್ಯೆ.

ಈಗ ಬರುವುದೇ ಮುಖ್ಯವಾದ ಹೆಜ್ಜೆ. ತೆರೆಯ ಮೇಲಿನ ವಿವರವನ್ನು ಸ್ಟ್ರಿಪ್‌ನ ಮೇಲೆ ಅಚ್ಚಾಗಿರುವುದರೊಂದಿಗೆ ಅಕ್ಷರ ಅಕ್ಷರವಾಗಿ ಹೋಲಿಸಬೇಕು. ಮೇಲಿನ ಉದಾಹರಣೆಯಲ್ಲಿ ಸ್ಟ್ರಿಪ್‌ನ ಮೇಲೆ HB2436, 09/2027 ಎಂದಿದ್ದರೆ ಅನುಮಾನಿಸಲು ಕಾರಣವಿದೆ: ಬ್ಯಾಚ್ ಬದಲಾದಂತೆ ಕೋಡ್ ಕೂಡ ಬದಲಾಗಬೇಕು, ಆದರೆ ನಕಲು ಮಾಡುವವರು ಯಾವುದೋ ಅಸಲಿ ಸ್ಟ್ರಿಪ್‌ನ ಕೋಡನ್ನು ಎಲ್ಲದರ ಮೇಲೂ ಅಚ್ಚು ಹಾಕಿ, ಬ್ಯಾಚ್ ಸಂಖ್ಯೆಯನ್ನು ಮಾತ್ರ ಬೇರೆ ಬೇರೆಯಾಗಿ ಮುದ್ರಿಸಿರಬಹುದು.

ಎಲ್ಲವೂ ತಾಳೆಯಾದರೂ ಔಷಧ ಅಸಲಿ ಎಂಬುದು ಖಚಿತವಾಗುವುದಿಲ್ಲ. ಅಸಲಿ ಸ್ಟ್ರಿಪ್‌ನ ಕೋಡ್, ಬ್ಯಾಚ್ ಸಂಖ್ಯೆ, ದಿನಾಂಕ ಮೂರನ್ನೂ ಹಾಗೆಯೇ ನಕಲು ಮಾಡಿದ್ದರೆ ಸ್ಕ್ಯಾನರ್‌ಗೆ ಅದು ಗೊತ್ತಾಗುವುದಿಲ್ಲ. ಕೋಡ್ ಹೇಳುವುದು ಹೊದಿಕೆಯ ವಿಷಯವನ್ನೇ ಹೊರತು ಒಳಗಿನ ಮಾತ್ರೆಯ ಗುಣವನ್ನಲ್ಲ. ಹಾಗಾಗಿ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಪ್ರತಿ ತಿಂಗಳು cdsco.gov.in ತಾಣದಲ್ಲಿ ಹೊರಡಿಸುವ, ಪರೀಕ್ಷೆಯಲ್ಲಿ ವಿಫಲವಾದ ಹಾಗೂ ನಕಲಿ ಔಷಧಗಳ ಪಟ್ಟಿಯಲ್ಲಿ ಅದೇ ಬ್ಯಾಚ್ ಸಂಖ್ಯೆಯಿದೆಯೇ ಎಂದೂ ಹುಡುಕುವುದು ಒಳ್ಳೆಯದು.

ವಿವರ ಹೊಂದದಿದ್ದಲ್ಲಿ ಆ ಸ್ಟ್ರಿಪ್‌ನ ಮಾತ್ರೆ ನುಂಗದೆ, ಬದಲಿ ಔಷಧಕ್ಕಾಗಿ ಬೇಗ ವೈದ್ಯರನ್ನು ಕಾಣಬೇಕು, ಬಿ.ಪಿ., ಮೂರ್ಛೆರೋಗದಂಥವುಗಳ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಿ ಕೂರುವಂತಿಲ್ಲ. ಉಳಿದ ಮಾತ್ರೆ, ಪೆಟ್ಟಿಗೆ ಮತ್ತು ಬ್ಯಾಚ್ ಸಂಖ್ಯೆ ನಮೂದಾದ ಬಿಲ್ಲಿನೊಂದಿಗೆ ಜಿಲ್ಲೆಯ ಔಷಧ ನಿಯಂತ್ರಣ ಅಧಿಕಾರಿಗಳಿಗೆ ಲಿಖಿತ ದೂರು ಕೊಡಬಹುದು.