ಅರಳಿನಾ, ಬಸರಿನಾ, ಗೋಣಿನಾ? ನಾನು ಎಲೆ ಅಳೆದು ಗುರುತು ಹಿಡಿಯೋದು ಹೀಗೆ

ನಮ್ಮ ಮಂಡ್ಯ ಕಡೆ ಬಿಳಲು ಇದ್ರೆ ಆಲ, ಇಲ್ದಿದ್ರೆ ಅರಳಿ ಅಂತ ಹೇಳ್ಬಿಡ್ತಾರೆ. ಊರಿನ ಅರಳಿಕಟ್ಟೆ ಮಟ್ಟಿಗೆ ಸರಿ, ಆದ್ರೆ ರಸ್ತೆ ಬದಿ ಹಳೇ ಮರಗಳ ಹತ್ರ ಈ ಲೆಕ್ಕ ನಡೆಯಲ್ಲ. ಅಲ್ಲಿ ಬಸರಿ, ಗೋಣಿನೂ ಇರ್ತವೆ, ಅವಕ್ಕೂ ಕೆಲವು ಸಲ ಕಾಂಡಕ್ಕೆ ಅಂಟ್ಕೊಂಡ ಹಾಗೆ ಬೇರು ಇಳಿದಿರತ್ತೆ, ಇನ್ನು ನಿಜವಾದ ಆಲದ ಬಿಳಲನ್ನ ಲಾರಿ ಬಸ್ಸಿಗೆ ತಗಲತ್ತೆ ಅಂತ ಕಡಿದುಹಾಕಿರ್ತಾರೆ. ಅದಕ್ಕೇ ನಾನು ಮೊದಲು ಎಲೆ ನೋಡ್ತೀನಿ, ಬಿಳಲು ಕೊನೆಗೆ.

ಬೇಕಾಗೋದು ಒಂದು ಸ್ಕೇಲ್ ಅಷ್ಟೇ. ಮರದ ಬೇರೆ ಬೇರೆ ಕೊಂಬೆ ಕೆಳಗೆ ಬಿದ್ದಿರೋ ಬಲಿತ ಎಲೆ ಒಂದು ಹಿಡಿ ಆಯ್ಕೊಳ್ತೀನಿ, ಬುಡದಲ್ಲಿ ಕಡಿದ ಜಾಗದಿಂದ ಒಡೆದ ಚಿಗುರಿನ ಎಲೆ ಮಾತ್ರ ಮುಟ್ಟಲ್ಲ, ಅವು ಅಗತ್ಯಕ್ಕಿಂತ ದೊಡ್ಡದಾಗಿ ಬೆಳೆದು ಆಕಾರಾನೇ ಬೇರೆ ಆಗಿರತ್ತೆ. ಆಮೇಲೆ ಮೂರು ಅಳತೆ: ಎಲೆ ಹಾಳೆ ಎಷ್ಟುದ್ದ, ತೊಟ್ಟು ಎಷ್ಟುದ್ದ, ತುದೀಲಿ ಸಣ್ಣಗಾಗಿ ಬಾಲದ ಹಾಗೆ ಹೋಗೋ ಭಾಗ ಎಷ್ಟುದ್ದ.

ಪಾಂಡವಪುರದ ಕಡೆ ಹೋಗೋ ದಾರೀಲಿ ಒಂದು ದೊಡ್ಡ ಮರ ಇದೆ, ಅಕ್ಕಪಕ್ಕದವರೆಲ್ಲ ಅರಳಿ ಅಂತಾರೆ. ಅದರ ಎಲೆ ಹಾಳೆ ಸುಮಾರು 13 ಸೆಂಟಿಮೀಟರ್, ತೊಟ್ಟು 4, ತುದಿ ಚೂಪಾಗಿದೆ ಆದ್ರೆ ಒಂದು ಸೆಂಟಿಮೀಟರ್‌ಗೇ ಮುಗಿದೋಗತ್ತೆ. ಅರಳಿಕಟ್ಟೆಯಿಂದ ತಂದ ಎಲೆನ ಪಕ್ಕದಲ್ಲಿ ಇಟ್ಟೆ. ಅದರದ್ದು ಬುಡ ಅಗಲವಾಗಿ ಹೃದಯದ ಆಕಾರ, ತೊಟ್ಟು ಸಪೂರ, ಉದ್ದ 9 ಸೆಂಟಿಮೀಟರ್, ಬಾಲವೇ 4 ಸೆಂಟಿಮೀಟರ್. ಅರಳೀಲಿ ಬಾಲ ತೆಗೆದು ಉಳಿದ ಹಾಳೆ ಅಳೆದ್ರೆ, ಬಾಲ ಅದರ ಮೂರನೇ ಒಂದು ಭಾಗದಿಂದ ಅರ್ಧದವರೆಗೂ ಬರತ್ತೆ. ತೊಟ್ಟು ಅಷ್ಟು ಉದ್ದ, ಅಷ್ಟು ಸಪೂರ ಇರೋದ್ರಿಂದಾನೇ ಗಾಳಿ ಅಷ್ಟಾಗಿ ಇಲ್ದಿದ್ರೂ ಅರಳಿ ಎಲೆ ಅಲುಗಾಡ್ತಾ ಇರತ್ತೆ. ರಸ್ತೆ ಮರದ ಎಲೆ ಹಾಗಿಲ್ಲ, ಉದ್ದುದ್ದಕ್ಕಿದೆ, ಬುಡ ಹೆಚ್ಚು ಕಡಿಮೆ ದುಂಡಗಿದೆ. ರೆಂಬೇಲಿ ಬಟಾಣಿ ಗಾತ್ರದ ಬಿಳಿಚಿದ ಹಣ್ಣು ಒತ್ತೊತ್ತಾಗಿ ಕೂತಿದ್ವು. ಅರಳಿ ಹಣ್ಣಾದ್ರೆ ಮಾಗಿದಾಗ ಕಪ್ಪು ನೇರಳೆ ಬಣ್ಣಕ್ಕೆ ತಿರುಗ್ತಿತ್ತು. ಎಲ್ಲಾ ಸೇರಿಸಿ ನೋಡಿದ್ರೆ ಅದು ಬಸರಿ.

ಇಲ್ಲಿ ಒಂದು ಎಚ್ಚರಿಕೆ. ಒಣಗಿದ ಅರಳಿ ಎಲೇಲಿ ಬಾಲ ಮುರಿದು ಬಿದ್ದಿರತ್ತೆ, ಆಗ ನೋಡೋಕೆ ಬಸರಿ ತುದಿ ಹಾಗೇ ಮೋಟಾಗಿ ಕಾಣತ್ತೆ. ತುದೀನ ಬೆರಳಲ್ಲಿ ಸವರಿ ನೋಡ್ಬೇಕು, ಅಂಚು ಹರಿದಂಗೆ ಒರಟಾಗಿದ್ರೆ ಅದನ್ನ ಲೆಕ್ಕಕ್ಕೆ ತಗೋಬಾರ್ದು. ತೊಟ್ಟು ಮಾತ್ರ ಸುಳ್ಳು ಹೇಳಲ್ಲ.

ಇನ್ನೊಂದು, ಬೆಟ್ಟದ ಬಂಡೆ ಬಿರುಕಲ್ಲಿ ಬೆಳೆಯೋ ಕಲ್ಲರಳಿ ಅಂತಿದೆ. ಅದಕ್ಕೂ ಹೃದಯದ ಆಕಾರದ ಎಲೆ, ತೊಟ್ಟೂ ಉದ್ದಾನೇ, ಹಾಗಾಗಿ ತೊಟ್ಟಿನ ಅಳತೆ ಅಲ್ಲಿ ಸಾಲದು. ಬಾಲ ಅರಳಿಗಿಂತ ಬಹಳ ಗಿಡ್ಡ, ತೊಟ್ಟು ಕೆಂಪು ಛಾಯೆ, ಹಣ್ಣು ಎಷ್ಟೋ ಸಲ ಎಲೆ ಇಲ್ಲದ ಹಳೇ ರೆಂಬೆ ಮೇಲೆ ಬಿಟ್ಟಿರತ್ತೆ. ಬಂಡೆ ಮೇಲಿದೆ ಅಂತ ಕಲ್ಲರಳಿ ಅನ್ನೋಕಾಗಲ್ಲ, ಮಾಮೂಲಿ ಅರಳಿನೂ ಗೋಡೆ ಬಂಡೆ ಎಲ್ಲಾ ಕಡೆ ಹುಟ್ಟತ್ತೆ.

ಆಲ ಮತ್ತೆ ಗೋಣಿ ವಿಷಯದಲ್ಲಿ ತೊಟ್ಟು ಅಳೆದು ಪ್ರಯೋಜನ ಕಮ್ಮಿ, ಎರಡಕ್ಕೂ ಗಿಡ್ಡ, ದಪ್ಪ. ಅಲ್ಲಿ ತುದಿ ಮತ್ತೆ ನರ ನೋಡ್ತೀನಿ. ಆಲದ ಎಲೆ ತುದಿ ಮೊಂಡು, ಬುಡದಿಂದಾನೇ ಎದ್ದು ಕಾಣೋ ನರಗಳು ಹೊರಟಿರ್ತವೆ, ಪಕ್ಕದ ನರ ಸುಮಾರು ಐದಾರು ಜೊತೆ. ಗೋಣಿ ಎಲೆ ಇನ್ನೂ ಉದ್ದ, ತುದೀಲಿ ಸಣ್ಣ ಮೊನೆ, ಪಕ್ಕದ ನರ ಎಂಟು ಜೊತೆಗಿಂತ ಮೇಲೆ. ಗೋಣಿ ಎಳೆ ಎಲೆ ಹಿಂಬದಿ ಕಂದು ಬಣ್ಣದ ಉಣ್ಣೆಯಂಥ ರೋಮ ಇರತ್ತೆ, ಉಜ್ಜಿದ್ರೆ ಬೆರಳಿಗೆ ಬರತ್ತೆ. ಆಲದ ಎಳೆ ಎಲೇಲೂ ನವಿರಾದ ರೋಮ ಇರೋದ್ರಿಂದ ಬರೀ ಅದನ್ನೇ ನಂಬ್ಕೊಳ್ಳಲ್ಲ. ಹಣ್ಣಿನ ಕಾಲ ಆಗಿದ್ರೆ ಕೆಲಸ ಸುಲಭ, ಆಲದ್ದು ದುಂಡು ಕೆಂಪು, ಗೋಣೀದು ಉದ್ದುರುಟು, ಕಿತ್ತಳೆ ಬಣ್ಣ.

ಇಷ್ಟಾದ ಮೇಲೆ ಬಿಳಲು. ರೆಂಬೆಯಿಂದ ಇಳಿದು ನೆಲ ಸೇರಿ ಕಂಬದ ಹಾಗೆ ದಪ್ಪ ಆಗಿದ್ರೆ ಆಲ ಅಂತ ಧೈರ್ಯವಾಗಿ ಹೇಳ್ತೀನಿ. ಬರೀ ಕಾಂಡದ ಸುತ್ತ ಹೆಣೆದಿದ್ರೆ ಏನೂ ಹೇಳಲ್ಲ. ಬಿಳಲೇ ಇಲ್ದಿದ್ರೆ ತಲೆ ಎತ್ತಿ ಅಡ್ಡ ರೆಂಬೆಗಳ ಅಡಿ ಭಾಗ ನೋಡ್ತೀನಿ. ಕಡಿದ ಮೋಟುಗಳು, ಅವುಗಳ ತುದೀಲಿ ಮತ್ತೆ ಜಡೆ ಥರ ಇಳೀತಿರೋ ಸಣ್ಣ ಬೇರು ಕಂಡ್ರೆ, ಎಲೆ ತುದೀನೂ ಮೊಂಡಾಗಿದ್ರೆ, ಅದು ಕೊಡಲಿ ಬಿದ್ದ ಆಲದ ಮರ.