ಗಲ್ಲಾದಲ್ಲಿ ಹೆಚ್ಚಿಗೆ ಉಳಿದ ರೊಕ್ಕದಿಂದ ಕಳವು ಹಿಡಿದದ್ದು

ಕಲಬುರಗಿಯ ನನ್ನ ಕಿರಾಣಿ ಅಂಗಡಿಯಲ್ಲಿ ರಾತ್ರಿ ಗಲ್ಲಾದ ಲೆಕ್ಕ ಹೆಚ್ಚುಕಡಿಮೆ ತಾಳೆಯಾಗುತ್ತಿತ್ತು, ಸಾಮಾನು ಮಾತ್ರ ಕಡಿಮೆ ಬೀಳುತ್ತಿತ್ತು. ತಿಂಗಳಿಗೆ ಸುಮಾರು ಎಂಟು-ಹತ್ತು ಸಾವಿರ ಹೋಗುತ್ತಿತ್ತು. ಕ್ಯಾಮೆರಾ ಹಾಕಿಸಿದೆ, ಅದಕ್ಕೂ ಅಷ್ಟೇ ಖರ್ಚಾಯಿತು. ಗಿರಾಕಿ ಕೊಟ್ಟ ರೊಕ್ಕ ಗಲ್ಲಾಕ್ಕೆ ಬೀಳುವುದು ಕಾಣುತ್ತದೆ, ಬಿಲ್ ಆಗಿದೆಯೋ ಇಲ್ಲವೋ ಕಾಣುವುದಿಲ್ಲ. ಗಲ್ಲಾದಲ್ಲಿ ಕಡಿಮೆ ಬಿದ್ದದ್ದನ್ನು ಪಗಾರದಲ್ಲಿ ಹಿಡಿದರೂ ಉಪಯೋಗವಾಗಲಿಲ್ಲ. ಹುಡುಗರು ಆಮೇಲೆ ಹೆಚ್ಚಿಗೆ ಬಂದದ್ದನ್ನು ತೆಗೆದಿಟ್ಟು, ಕಡಿಮೆ ಬಿದ್ದ ದಿನ ಅದರಿಂದ ತುಂಬಿಸುತ್ತಾರೆ. ಆಗ ಗಲ್ಲಾ ನೋಡಿ ಏನೂ ತಿಳಿಯುವುದಿಲ್ಲ.

ಕೆಲಸಕ್ಕೆ ಬಂದದ್ದು ನಡುಹೊತ್ತಿನ ಎಣಿಕೆ. ಗಿರಾಕಿ ಸರಿಯಾಗಿ ಚಿಲ್ಲರೆ ಕೊಟ್ಟು, ಬಿಲ್ ಕೇಳದೆ ಹೋದಾಗ ಮಾರಾಟ ಮಷಿನ್‌ಗೆ ಏರುವುದಿಲ್ಲ, ರೊಕ್ಕ ಗಲ್ಲಾದಲ್ಲೇ ಇರುತ್ತದೆ. ಗದ್ದಲ ಇಳಿದ ಮೇಲೆ, ಬಹಳ ಸಲ ಬಾಗಿಲು ಹಾಕುವ ಮುಂಚೆ, ಅದನ್ನು ಹೊರಗೆ ತೆಗೆಯುತ್ತಾರೆ. ಎಷ್ಟು ತೆಗೆಯಬೇಕು ಎಂಬ ನೆನಪಿಗೆ ಗಲ್ಲಾದ ಮೂಲೆಯಲ್ಲಿ ನಾಣ್ಯವನ್ನೋ ಕಡ್ಡಿಯನ್ನೋ ಬೇರೆ ಇಟ್ಟಿರುತ್ತಾರೆ. ಆದ್ದರಿಂದ ನಡುವೆ ಎಣಿಸಿದರೆ ರೊಕ್ಕ ಹೆಚ್ಚಿಗೆ ಸಿಗುತ್ತದೆ.

ಒಂದು ದಿನದ ಲೆಕ್ಕ ಹೇಳುತ್ತೇನೆ. ಮುಂಜಾನೆ ಗಲ್ಲಾದಲ್ಲಿ ಇಟ್ಟದ್ದು 2,000. ಮಧ್ಯಾಹ್ನದ ತನಕ ನಗದು ಬಿಲ್ 11,400, ಹಮಾಲಿಗೆ ಚೀಟಿ ಬರೆದು ಕೊಟ್ಟದ್ದು 350. ಇರಬೇಕಾದದ್ದು 13,050, ಸಿಕ್ಕದ್ದು 13,390. ಉದ್ರಿ ವಸೂಲಿ ಬಂದಿರಲಿಲ್ಲ. ಆಗ ಏನೂ ಮಾತಾಡದೆ ಬರೆದಿಟ್ಟೆ. ರಾತ್ರಿ ಎಣಿಸಿದರೆ ಹತ್ತು ರೂಪಾಯಿ ಕಡಿಮೆ, ಅಷ್ಟೇ. ಮುಂಜಾನೆ ಎಣಿಸಿಟ್ಟಿದ್ದ ಒಂದು ಲೀಟರ್ ಎಣ್ಣೆ ಪ್ಯಾಕೆಟ್ 48, ರಾತ್ರಿ ಉಳಿದದ್ದು 36, ಬಿಲ್ ಆದದ್ದು 10. ಎರಡು ಪ್ಯಾಕೆಟ್, 170ರಂತೆ 340. ಬಾಜೂ ಅಂಗಡಿಯವರು “ಇದರಿಂದ ಏನಾಗ್ತದರೀ” ಅಂದಿದ್ದರು, ಈಗ ಅವರೂ ಹೀಗೇ ಎಣಿಸುತ್ತಾರೆ.

ಒಂದು ದಿನದ ಹೆಚ್ಚಳ ಸಾಕ್ಷಿಯಲ್ಲ. ಉದ್ರಿ ಜಮಾ ಬರೆಯುವುದು ಮರೆತರೂ, ಚಿಲ್ಲರೆ ತಪ್ಪಾಗಿ ಕೊಟ್ಟರೂ ಹೀಗಾಗುತ್ತದೆ. ಅದೇ ಹುಡುಗ ಕೂತಾಗಲೇ ಮೂರ್ನಾಲ್ಕು ಸಲ ಬಂದರೆ ಮಾತ್ರ ಕೇಳುತ್ತೇನೆ. ಎಣಿಸುವ ಹೊತ್ತು ದಿನಾ ಬದಲಾಗಬೇಕು, ಎಣಿಸುವವನು ನೋಟು ಲೆಕ್ಕ ಚೀಟಿಯಲ್ಲಿ ಬರೆದು ಕೊಟ್ಟ ಮೇಲೆಯೇ ಮಷಿನ್ ಮೊತ್ತ ತೆರೆಯಬೇಕು. ಮೊತ್ತ ಮೊದಲೇ ಗೊತ್ತಿದ್ದರೆ ಎಣಿಕೆ ಅದಕ್ಕೇ ಕೂಡುತ್ತದೆ. ಯಾವ ಸಾಮಾನನ್ನು ಯಾವ ದಿನ ಎಣಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ನಮ್ಮ ಹುಡುಗರೂ ಓದುತ್ತಾರೆ.

ಫೋನ್‌ಪೇ ಮೇಲೂ ಇದನ್ನೇ ಮಾಡಿ ನೋಡಿದೆ. ನಗದು ತೆಗೆದುಕೊಂಡು ಬಿಲ್‌ನಲ್ಲಿ ಆನ್‌ಲೈನ್ ಎಂದು ಒತ್ತಿದರೆ ಗಲ್ಲಾ ಹೆಚ್ಚಾಗುತ್ತದೆ, ಖಾತೆಗೆ ಬಂದದ್ದು ಅಷ್ಟೇ ಕಡಿಮೆ ಇರುತ್ತದೆ. ಗಲ್ಲಾ, ಖಾತೆ ಎರಡರ ಲೆಕ್ಕವನ್ನೂ ಒಂದೇ ಹೊತ್ತಿಗೆ ಮುಗಿಸಿದರೆ ತಕ್ಷಣ ಕಾಣುತ್ತದೆ. ಕೌಂಟರ್ ಮೇಲಿನ ಸ್ಟಿಕ್ಕರ್‌ಗೆ ಮುಂಜಾನೆ ನಾನೇ ಒಂದು ರೂಪಾಯಿ ಹಾಕಿ, ಅದು ನನ್ನ ಖಾತೆಗೇ ಬಂತೇ ನೋಡುತ್ತೇನೆ.

ರೊಕ್ಕ ಗಲ್ಲಾಕ್ಕೆ ಬೀಳದೆ ನೇರ ಜೇಬಿಗೆ ಹೋದರೆ ಈ ಎಣಿಕೆಗೆ ಸಿಗುವುದಿಲ್ಲ. ಅಲ್ಲಿ ಪ್ಯಾಕೆಟ್ ಎಣಿಕೆಯೊಂದೇ ದಾರಿ. ತೂಕ ಮಾಡಿ ಕೊಡುವ ತೊಗರಿಬೇಳೆ, ಸಕ್ಕರೆಗೆ ಅದೂ ಕಷ್ಟ, ಹಾಗಾಗಿ ಅವನ್ನು ಅರ್ಧ ಕಿಲೋ, ಒಂದು ಕಿಲೋ ಕಟ್ಟಿಸಿ ಇಡಲು ಶುರು ಮಾಡಿದ್ದೇನೆ.