ಮೊದಲು ಅರ್ಜಿ, ಆಮೇಲೆ ಫೋಟೊ: ಬಟ್ಟೆಯ ವಿನ್ಯಾಸ ನೋಂದಾಯಿಸುವ ಕ್ರಮ

ಉಡುಪಿಯಲ್ಲಿ ಮನೆಯ ಮಹಡಿಯಲ್ಲೇ ಕುರ್ತಾ ಹೊಲಿಸಿ ಮಾರುವ ಒಂದು ಸಣ್ಣ ಬ್ರ್ಯಾಂಡನ್ನು ಉದಾಹರಣೆಗೆ ಕಲ್ಪಿಸಿಕೊಳ್ಳೋಣ. ಅದರ ಒಡತಿ ಹೊಸದೊಂದು ಅಚ್ಚು ಮಾಡಿಸಿದ್ದಾರೆ. ಮಂಗಳೂರು ಹಂಚಿನ ಸಾಲುಗಳು ಹಿನ್ನೆಲೆಯಾಗಿದ್ದು, ಒಂದು ಬಿಟ್ಟು ಒಂದು ಹಂಚಿನೊಳಗೆ ಯಕ್ಷಗಾನದ ಕೇದಗೆ ಮುಂದಲೆ ಎಂಬ ಶಿರೋಭೂಷಣದ ಆಕಾರ ಕೂತಿದೆ. ಕುರ್ತಾದ ಅಂಚಿಗೆ ಇಳಿದಂತೆ ಆ ಆಕಾರ ಕಿರಿದಾಗುತ್ತ ಹೋಗುತ್ತದೆ.

ಇದಕ್ಕೆ ಕೃತಿಸ್ವಾಮ್ಯವೇ ಸಾಕಲ್ಲವೇ ಎಂದು ಹಲವರು ಕೇಳುತ್ತಾರೆ. ಸಾಲದು. 1957ರ ಕೃತಿಸ್ವಾಮ್ಯ ಕಾಯ್ದೆಯ 15ನೇ ಕಲಮಿನ ಪ್ರಕಾರ, ನೋಂದಾಯಿಸಬಹುದಾಗಿದ್ದೂ ನೋಂದಾಯಿಸದೆ ಬಿಟ್ಟ ವಿನ್ಯಾಸವನ್ನು ಅದರ ಒಡೆಯರೋ ಅವರ ಅನುಮತಿ ಪಡೆದವರೋ ಕೈಗಾರಿಕಾ ವಿಧಾನದಿಂದ ಐವತ್ತಕ್ಕಿಂತ ಹೆಚ್ಚು ವಸ್ತುಗಳ ಮೇಲೆ ಮೂಡಿಸಿದರೆ, ಅದರ ಮೇಲಿನ ಕೃತಿಸ್ವಾಮ್ಯ ಕೊನೆಗೊಳ್ಳುತ್ತದೆ. ಐವತ್ತು ಕುರ್ತಾ ಎಂದರೆ ಸಣ್ಣ ಬ್ರ್ಯಾಂಡಿಗೂ ಒಂದು ಹಬ್ಬದ ವ್ಯಾಪಾರ ಮಾತ್ರ. ದೊಡ್ಡ ಹೆಸರಿನವರೂ ಈ ಕಲಮಿನಲ್ಲಿ ಎಡವಿದ್ದಾರೆ: ವಸ್ತ್ರವಿನ್ಯಾಸಕಿ ರಿತು ಕುಮಾರ್ ಅವರ ರಿತಿಕಾ ಸಂಸ್ಥೆ ಉಡುಪು ಕಂಪನಿ ಬೀಬಾ ವಿರುದ್ಧ ಹೂಡಿದ್ದ ದಾವೆಯನ್ನು ದೆಹಲಿ ಹೈಕೋರ್ಟ್ 2016ರಲ್ಲಿ ಇದೇ ಆಧಾರದ ಮೇಲೆ ಒಪ್ಪಲಿಲ್ಲ.

ಆದ್ದರಿಂದ 2000ದ ವಿನ್ಯಾಸ ಕಾಯ್ದೆಯಡಿ ನೋಂದಣಿ ಮಾಡಿಸಬೇಕು. ಮೊದಲ ಹೆಜ್ಜೆ ಅರ್ಜಿಯಲ್ಲ, ಮೌನ. ಅರ್ಜಿಯ ದಿನಾಂಕಕ್ಕೆ ಮುನ್ನ ವಿನ್ಯಾಸವು ಭಾರತದಲ್ಲಾಗಲಿ ಹೊರದೇಶದಲ್ಲಾಗಲಿ ಬಹಿರಂಗವಾಗಿದ್ದರೆ ಅದು ಹೊಸದಲ್ಲವೆಂದೇ ಲೆಕ್ಕ. ಬಹಿರಂಗಪಡಿಸಿದವರು ಸ್ವತಃ ಅದರ ಒಡೆಯರಾಗಿದ್ದರೂ ಸಾಮಾನ್ಯವಾಗಿ ವಿನಾಯಿತಿ ಇಲ್ಲ. ಇನ್‌ಸ್ಟಾಗ್ರಾಂನಲ್ಲಿ ಹಾಕಿದ ಒಂದು ಫೋಟೊ, ಊರಿನ ಪ್ರದರ್ಶನದಲ್ಲಿ ತೂಗುಹಾಕಿದ ಒಂದು ಕುರ್ತಾ ಇಷ್ಟಕ್ಕೇ ಹಕ್ಕು ಕೈತಪ್ಪಬಹುದು. ಅಚ್ಚು ಕೆತ್ತುವವರಿಗೂ ಹೊಲಿಯುವವರಿಗೂ ಗುಟ್ಟಾಗಿರಲಿ ಎಂಬ ಷರತ್ತಿನ ಮೇಲೆ ತೋರಿಸುವುದು ಬಹಿರಂಗಪಡಿಸಿದಂತಲ್ಲ. ಹಾಗೆಯೇ, ನೋಂದಣಿಗೆಂದು ಇಟ್ಟಿರುವ ಜವಳಿ ವಿನ್ಯಾಸಕ್ಕೆ ಗೋಪ್ಯವಾಗಿ ಬಂದ ಮೊದಲ ಆರ್ಡರನ್ನು ಒಪ್ಪಿಕೊಳ್ಳಲು 16ನೇ ಕಲಮು ಅವಕಾಶ ಕೊಡುತ್ತದೆ. ಷರತ್ತು ಬರವಣಿಗೆಯಲ್ಲಿರಲಿ, ಕನಿಷ್ಠ ವಾಟ್ಸ್‌ಆ್ಯಪ್ ಸಂದೇಶದಲ್ಲಾದರೂ ಇರಲಿ.

ಎರಡನೆಯದು ವರ್ಗದ ಆಯ್ಕೆ. ನೋಂದಣಿಯ ರಕ್ಷಣೆ ಆಯಾ ವರ್ಗದ ವಸ್ತುಗಳಿಗೆ ಮಾತ್ರ ಸೀಮಿತ. ಸಿದ್ಧ ಉಡುಪು 2ನೇ ವರ್ಗಕ್ಕೂ ಥಾನಿನ ಬಟ್ಟೆ 5ನೇ ವರ್ಗಕ್ಕೂ ಸೇರುತ್ತವೆ. ನಮ್ಮ ಒಡತಿ ಕುರ್ತಾವನ್ನಷ್ಟೇ ಅಲ್ಲದೆ ಅದೇ ಅಚ್ಚಿನ ಬಟ್ಟೆಯನ್ನು ಮೀಟರ್ ಲೆಕ್ಕದಲ್ಲೂ ಮಾರುವುದಾದರೆ ಎರಡು ಅರ್ಜಿಗಳು ಬೇಕು.

ಮೂರನೆಯದು ಚಿತ್ರಗಳು. ಎಲ್ಲ ಬದಿಗಳ ನೋಟಗಳ ಜೊತೆಗೆ, ಪುನರಾವರ್ತನೆಯಾಗುವ ಅಚ್ಚಾದರೆ ಪೂರ್ತಿ ಮಾದರಿಯೂ ಅದು ಉದ್ದಗಲಗಳಲ್ಲಿ ಮರುಕಳಿಸುವ ಬಗೆಯೂ ಕಾಣಬೇಕು. ಹೊಸತನ ಎಲ್ಲಿದೆ ಎಂಬ ಹೇಳಿಕೆಯನ್ನೂ ಚಿತ್ರದ ಹಾಳೆಯ ಮೇಲೆ ಬರೆಯಬೇಕು; ಇಲ್ಲಿ ಅದು ಬಟ್ಟೆಯ ಮೇಲ್ಮೈಯ ಮಾದರಿಯಲ್ಲಿದೆ, ಕುರ್ತಾದ ಆಕಾರದಲ್ಲಿ ಅಲ್ಲ. ಆತುರದಲ್ಲಿ ‘ಕುರ್ತಾದ ಆಕಾರ’ ಎಂದು ಬರೆದರೆ, ಎಲ್ಲೆಡೆ ಸಿಗುವ ಆಕಾರಕ್ಕೆ ಹಕ್ಕು ಕೇಳಿದಂತಾಗಿ ಆಕ್ಷೇಪಣೆ ಬರುತ್ತದೆ.

ಅರ್ಜಿಯನ್ನು ನಮೂನೆ 1ರಲ್ಲಿ ಆನ್‌ಲೈನ್ ಮೂಲಕವೇ ಸಲ್ಲಿಸಬಹುದು. ಪರಿಶೀಲಿಸುವುದು ಕೋಲ್ಕತ್ತಾದ ಪೇಟೆಂಟ್ ಕಚೇರಿಯ ವಿನ್ಯಾಸ ವಿಭಾಗ. ಆಕ್ಷೇಪಣೆಗಳನ್ನು ಅರ್ಜಿಯ ದಿನದಿಂದ ಆರು ತಿಂಗಳೊಳಗೆ ನಿವಾರಿಸಬೇಕಾದ್ದರಿಂದ ಇಮೇಲ್ ನೋಡುತ್ತಿರಬೇಕು. ರಕ್ಷಣೆ ಹತ್ತು ವರ್ಷ, ಶುಲ್ಕ ಕಟ್ಟಿದರೆ ಮತ್ತೆ ಐದು ವರ್ಷ.

ಇನ್ನು ಸ್ಫೂರ್ತಿ ಮತ್ತು ನಕಲಿನ ಪ್ರಶ್ನೆ. ಹಂಚೂ ಕೇದಗೆ ಮುಂದಲೆಯೂ ಕರಾವಳಿಯ ಎಲ್ಲರ ಸೊತ್ತು. ಒಡತಿಯ ಹಕ್ಕು ಇರುವುದು ಅವುಗಳನ್ನು ಹೆಣೆದ ರೀತಿಯಲ್ಲಿ ಮಾತ್ರ. ಮಂಗಳೂರಿನ ಇನ್ನೊಬ್ಬರು ಕೇದಗೆ ಮುಂದಲೆಯನ್ನು ತೋಳಿನ ಅಂಚಿನಲ್ಲಿ ಸಾಲಾಗಿ ಮುದ್ರಿಸಿದರೆ ಅದು ಅದೇ ಮೂಲದ ಬೇರೆ ವಿನ್ಯಾಸ. ಆದರೆ ಮತ್ತೊಬ್ಬರು ಹಂಚಿನ ಸಾಲು, ಒಂದು ಬಿಟ್ಟು ಒಂದರ ಜೋಡಣೆ, ಕೆಳಗಿಳಿದಂತೆ ಕಿರಿದಾಗುವ ಕ್ರಮ ಎಲ್ಲವನ್ನೂ ಉಳಿಸಿಕೊಂಡು ಕೆಂಪಿನ ಬದಲು ನೀಲಿ ಬಳಸಿ, ಮುಂದಲೆಯ ತುದಿಯನ್ನಷ್ಟೇ ದುಂಡಗೆ ಮಾಡಿದ್ದರೆ, ಕಾಯ್ದೆ ಹೇಳುವ ‘ಸ್ಪಷ್ಟ ಅನುಕರಣೆ’ ಅದೇ. ಎರಡೂ ಬಟ್ಟೆಗಳ ವ್ಯತ್ಯಾಸಗಳನ್ನು ಪಟ್ಟಿ ಮಾಡಿದರೆ ಎಷ್ಟಾದರೂ ಸಿಗುತ್ತವೆ. ಎಲ್ಲರಿಗೂ ಸೇರಿದ ಅಂಶಗಳನ್ನು ಬದಿಗಿಟ್ಟು, ಉಳಿದದ್ದು ಒಟ್ಟಾರೆ ಕಣ್ಣಿಗೆ ಒಂದೇ ಎನಿಸುತ್ತದೆಯೇ ಎಂದು ನೋಡಬೇಕು.

ನಕಲೆಂದು ಖಚಿತವಾದರೆ ತಡೆಯಾಜ್ಞೆ ಮತ್ತು ನಷ್ಟಪರಿಹಾರಕ್ಕಾಗಿ ದಾವೆ ಹೂಡಬಹುದು. ದಾವೆಯ ಬದಲು ಕಾಯ್ದೆಯಲ್ಲೇ ನಿಗದಿಯಾದ ಮೊತ್ತವನ್ನು ವಸೂಲು ಮಾಡುವ ದಾರಿಯೂ ಇದೆಯಾದರೂ, ಅದು ಪ್ರತಿ ಉಲ್ಲಂಘನೆಗೆ 25,000 ರೂಪಾಯಿ, ಒಂದು ವಿನ್ಯಾಸಕ್ಕೆ ಒಟ್ಟು 50,000 ರೂಪಾಯಿ ಮೀರುವುದಿಲ್ಲ. ಎದುರು ಪಕ್ಷದವರು ನೋಂದಣಿಯನ್ನೇ ರದ್ದುಪಡಿಸಬೇಕೆಂದು ವಾದಿಸುವುದು ವಾಡಿಕೆ, ಮತ್ತು ಅದಕ್ಕಾಗಿ ಅವರ ವಕೀಲರು ಮೊದಲು ಹುಡುಕುವುದು ಅರ್ಜಿಯ ದಿನಾಂಕಕ್ಕಿಂತ ಹಿಂದೆ ಒಡತಿಯೇ ಹಾಕಿದ್ದ ಫೋಟೊಗಳನ್ನು.